ಖರೀದಿಯವರನ್ನೂ ಗೋದಾಮಿನವರನ್ನೂ ಒಂದೇ ಮೇಜಿಗೆ ಕರೆಯುವ ಆಹ್ವಾನ ಬರೆಯುವುದು ಹೇಗೆ?

ಬದಿಯಡ್ಕದಿಂದ ಒಬ್ಬಳು (ಪ್ರಶ್ನೆ):

ನಮಸ್ಕಾರ. ಅಡಿಕೆ ಖರೀದಿ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆಯಲ್ಲಿ ಖರೀದಿ ಕೇಂದ್ರ, ಸೀತಾಂಗೋಳಿ ಹತ್ತಿರ ಗೋದಾಮು. ಕೇಂದ್ರದಲ್ಲಿ ಹಾಕಿದ ಗ್ರೇಡು ಗೋದಾಮಿಗೆ ಬಂದ ಮೇಲೆ ಬದಲಾಗುತ್ತದೆ. ಆಮೇಲೆ ಕೃಷಿಕರ ದುಡ್ಡು ತಡವಾಗುತ್ತದೆ. ಯಜಮಾನರು "ಎಲ್ಲ ವಿಭಾಗದವರನ್ನೂ ಕೂರಿಸಿ ಒಂದು ವರ್ಕ್‌ಶಾಪ್ ಮಾಡು. ಆಹ್ವಾನದಲ್ಲಿ ಉದ್ದೇಶ, ಮೊದಲೇ ಓದಿಕೊಂಡು ಬರಬೇಕಾದ್ದು, ಕೊನೆಗೆ ಏನು ಸಿಗಬೇಕು, ಮೂರೂ ಇರಲಿ" ಎಂದಿದ್ದಾರೆ. ನಾನು ಬರೆದದ್ದು ಹೀಗಿದೆ:

"ವಿಷಯ: ಗ್ರೇಡಿಂಗ್ ಸಮಸ್ಯೆ ಕುರಿತು ಕಾರ್ಯಾಗಾರ. ಉದ್ದೇಶ: ಗ್ರೇಡಿಂಗ್ ವ್ಯತ್ಯಾಸಗಳ ಬಗ್ಗೆ ಚರ್ಚಿಸಿ ವಿಭಾಗಗಳ ನಡುವೆ ಸಮನ್ವಯ ಹೆಚ್ಚಿಸುವುದು. ಓದಬೇಕಾದ್ದು: ಲಗತ್ತಿಸಿದ 4 ಫೈಲುಗಳು. ನಿರೀಕ್ಷಿತ ಫಲಿತಾಂಶ: ಎಲ್ಲರಿಗೂ ಸಮಸ್ಯೆಯ ಬಗ್ಗೆ ಒಂದೇ ತಿಳಿವಳಿಕೆ ಮೂಡುವುದು. ಎಲ್ಲರೂ ತಪ್ಪದೆ ಹಾಜರಿರಬೇಕು."

ಓದುವಾಗ ನನಗೇ ನಿದ್ದೆ ಬರುತ್ತಿದೆ. ಎಲ್ಲಿ ಸರಿಮಾಡಲಿ?

ಉಪ್ಪಳದ ಸೇಲ್ಸ್‌ನವ:

ಇಷ್ಟುದ್ದ ಯಾರು ಓದುತ್ತಾರೆ? ವಾಟ್ಸಾಪಿನಲ್ಲಿ ಮೂರು ಸಾಲು ಹಾಕಿ. ಎಲ್ಲಿ, ಯಾವಾಗ, ಊಟ ಇದೆಯಾ. ಬರುವವರು ಬರುತ್ತಾರೆ. ನಾನು ಹತ್ತು ವರ್ಷದಿಂದ ಹೀಗೇ ಕರೆಯುವುದು, ಜನ ಬಾರದೆ ನಿಂತದ್ದಿಲ್ಲ.

ನಿವೃತ್ತ ಸೊಸೈಟಿ ಸೆಕ್ರೆಟರಿ, ಮುಳ್ಳೇರಿಯ:

ಮಗಳೇ, ನೋಟಿಸಿನಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಕೋರಂ ಎಷ್ಟು? ಹಿಂದಿನ ಸಭೆಯ ನಡಾವಳಿ ಓದಿ ಮಂಜೂರು ಮಾಡುವುದು ಎಲ್ಲಿ? "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು" ಎಂಬ ಕೊನೆಯ ಸಾಲು ಬೇಕೇ ಬೇಕು. ನೋಟಿಸು ಕೈಗೆ ಮುಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಿ. ನಾಳೆ ಯಾರೂ "ನನಗೆ ಗೊತ್ತಿರಲಿಲ್ಲ" ಅನ್ನಬಾರದು.

ಬದಿಯಡ್ಕದಿಂದ ಒಬ್ಬಳು:

ಮಾಷ್ಟ್ರೇ, ಇದು ಮಹಾಸಭೆ ಅಲ್ಲ, ಒಂದು ಬೆಳಿಗ್ಗೆಯ ವರ್ಕ್‌ಶಾಪ್. ಆದರೆ ಸಹಿಯ ವಿಷಯ ನೆನಪಿಟ್ಟುಕೊಂಡೆ.

ವಿದ್ಯಾನಗರದ ಅಕ್ಕ:

ಇಪ್ಪತ್ತೆರಡು ವರ್ಷ ಕಾರ್ಖಾನೆಗಳಲ್ಲಿ ಉತ್ಪಾದನೆ ಯೋಜನೆಯ ಕೆಲಸ ಮಾಡಿದವಳು ನಾನು. ಈಗ ಇಂಥ ಕಾರ್ಯಾಗಾರ ನಡೆಸಿಕೊಡುವುದೇ ಕಸುಬು. ನಿಮ್ಮ ಭಾಷೆಯಲ್ಲಿ ತೊಂದರೆ ಇಲ್ಲ. ಸಭೆ ಮುಗಿದಾಗ ಕೈಯಲ್ಲಿ ಏನಿರಬೇಕು ಎಂದು ನಿಮಗೇ ಇನ್ನೂ ಗೊತ್ತಾಗಿಲ್ಲ. ಅದು ಗೊತ್ತಾಗುವ ಮೊದಲು ಬರೆಯಲು ಕೂತಿರಿ. ಹಾಗಾಗಿ "ಸಮನ್ವಯ", "ತಿಳಿವಳಿಕೆ" ಎಂಬ ಮಾತುಗಳು ಬಂದು ಜಾಗ ತುಂಬಿದವು.

ಆಹ್ವಾನವನ್ನು ಕೊನೆಯಿಂದ ಬರೆಯಬೇಕು. ಮೊದಲು ಫಲಿತಾಂಶ, ಅದರಿಂದ ಉದ್ದೇಶ, ಆಮೇಲೆ ಯಾರನ್ನು ಕರೆಯಬೇಕು ಎಂಬುದು, ಎಲ್ಲಕ್ಕಿಂತ ಕೊನೆಗೆ ಓದುವ ಕಾಗದ. ಫಲಿತಾಂಶಕ್ಕೆ ನನ್ನದೊಂದು ಪರೀಕ್ಷೆ ಇದೆ. ಸಭೆಗೆ ಬಾರದ ಒಬ್ಬ ಮಧ್ಯಾಹ್ನ 1 ಗಂಟೆಗೆ ಬಾಗಿಲು ತೆರೆದು ಮೇಜಿನ ಮೇಲೆ ಇಣುಕಿದರೆ, ಕೆಲಸ ಆಯಿತೋ ಇಲ್ಲವೋ ಅವನಿಗೆ ಕಾಣಬೇಕು. "ಒಂದೇ ತಿಳಿವಳಿಕೆ" ಮೇಜಿನ ಮೇಲೆ ಕಾಣುವುದಿಲ್ಲ. "ಒಂದು ಲೋಡಿನಲ್ಲಿ ಎಷ್ಟು ಗೋಣಿ ಬಿಚ್ಚಿ ನೋಡಬೇಕು ಎಂಬ ಒಂದು ಪುಟದ ನಿಯಮ" ಕಾಣುತ್ತದೆ.

ಉಪ್ಪಳದ ಅಣ್ಣ ಹೇಳಿದ್ದು ಅರ್ಧ ಸರಿ. ಫೋನಿನಲ್ಲಿ ಆಹ್ವಾನ ತೆರೆದರೆ ಮೊದಲ ಮೂರು ನಾಲ್ಕು ಸಾಲು ಮಾತ್ರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮುಖ್ಯವಾದದ್ದು ಅಲ್ಲಿಯೇ ಇರಬೇಕು. ಆದರೆ ಮಾರಾಟದವರ ವಾರದ ಸಭೆಗೆ ಎಲ್ಲರೂ ಒಂದೇ ಕೆಲಸದವರು, ಹೇಳದೆಯೂ ವಿಷಯ ಗೊತ್ತು. ಇಲ್ಲಿ ಖರೀದಿಯವ "ಗ್ರೇಡಿಂಗ್ ಸಮಸ್ಯೆ" ಎಂದು ಓದಿದರೆ "ಗೋದಾಮಿನವರು ಸರಿಯಾಗಿ ನೋಡುವುದಿಲ್ಲ, ಅದರ ಸಭೆ" ಎಂದುಕೊಳ್ಳುತ್ತಾನೆ. ಗೋದಾಮಿನವ ಅದನ್ನೇ ತಿರುಗಿಸಿ ಓದುತ್ತಾನೆ. ಒಂದೇ ಸಾಲಿನಿಂದ ಇಬ್ಬರೂ ಜಗಳಕ್ಕೆ ತಯಾರಾಗಿ ಬರುತ್ತಾರೆ.

ನನಗೆ ನಾಲ್ಕು ವಿಷಯ ಹೇಳಿ. ಎರಡು ತಿಂಗಳಲ್ಲಿ ಎಷ್ಟು ಲೋಡು ಬಂತು, ಎಷ್ಟರಲ್ಲಿ ಗ್ರೇಡು ಬದಲಾಯಿತು? ಬದಲಾದದ್ದು ಯಾವ ಮಾಲಿನಲ್ಲಿ ಜಾಸ್ತಿ? ಕೇಂದ್ರದಲ್ಲಿ ಹೇಗೆ ನೋಡುತ್ತಾರೆ, ಗೋದಾಮಿನಲ್ಲಿ ಹೇಗೆ? ಸಭೆ ಒಪ್ಪಿದ್ದನ್ನು ಯಜಮಾನರು ಹಾಗೆಯೇ ಜಾರಿ ಮಾಡುತ್ತಾರಾ, ಇಲ್ಲ ಅವರಿಗೆ ಬರೀ ಸಲಹೆ ಸಾಕಾ?

ಬದಿಯಡ್ಕದಿಂದ ಒಬ್ಬಳು:

ಲೆಕ್ಕ ತೆಗೆದೆ ಅಕ್ಕ. 64 ಲೋಡು ಬಂದಿದೆ, 23ರಲ್ಲಿ ಗ್ರೇಡು ಬದಲಾಗಿದೆ. ಅದರಲ್ಲಿ 17 ಹೊಸ ಚಾಲಿಯೊಳಗೆ, ಅಂದರೆ ಹೊಸದಾಗಿ ಒಣಗಿಸಿ ಸುಲಿದ ಅಡಿಕೆಯೊಳಗೆ, ಪಟೋರ ಎಂಬ ಕೀಳು ದರ್ಜೆಯ ಅಡಿಕೆ ಬೆರೆತದ್ದು. ಉಳಿದ 6 ಒಣಗಿದ್ದು ಸಾಲದೆ ಬೂಷ್ಟು ಬಂದದ್ದು. ಗ್ರೇಡು ಬದಲಾಗದಿದ್ದರೆ ಕೃಷಿಕರಿಗೆ 3 ದಿನದಲ್ಲಿ ದುಡ್ಡು ಹೋಗುತ್ತದೆ, ಬದಲಾದರೆ 9 ದಿನ.

ಕೇಂದ್ರದಲ್ಲಿ ಎರಡು ಗೋಣಿ ಬಿಚ್ಚಿ ಒಂದು ಬೊಗಸೆ ತೆಗೆದು ನೋಡುತ್ತಾರೆ. ನಾಲ್ಕೈದು ಅಡಿಕೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ ಒಳಗೆ ಹೇಗಿದೆ ಎಂದು ನೋಡುತ್ತಾರೆ. ಗೋದಾಮಿನಲ್ಲಿ ಎಲ್ಲ ಗೋಣಿಯನ್ನೂ ನೆಲಕ್ಕೆ ಸುರಿದು ಹರಡುತ್ತಾರೆ. ಇದನ್ನು ಬರೆಯುವಾಗಲೇ ನನಗೆ ಹೊಳೆಯಿತು, ಇಬ್ಬರೂ ನೋಡುತ್ತಿರುವುದು ಒಂದೇ ಮಾಲಲ್ಲ ಅಲ್ವಾ!

ಯಜಮಾನರನ್ನು ಕೇಳಿದೆ. ಹೇಗೆ ನೋಡಬೇಕು, ಜಗಳವಾದರೆ ಯಾರು ಯಾರಿಗೆ ಫೋನು ಮಾಡಬೇಕು, ಇವೆರಡನ್ನು ನೀವೇ ನಿರ್ಧಾರ ಮಾಡಿ ಎಂದರು. ಎಷ್ಟು ಪಟೋರ ಇದ್ದರೆ ಗ್ರೇಡು ಇಳಿಯಬೇಕು ಎಂಬುದು ರೇಟಿಗೆ ತಾಗುತ್ತದೆ, ಅದಕ್ಕೆ ಸಲಹೆ ಕೊಡಿ, ನಾನು ಶುಕ್ರವಾರ ಹೇಳುತ್ತೇನೆ ಎಂದರು.

ವಿದ್ಯಾನಗರದ ಅಕ್ಕ:

ನಿಮ್ಮ ಯಜಮಾನರು ಒಳ್ಳೆಯವರು. ಸುಮಾರು ಕಡೆ ಈ ಪ್ರಶ್ನೆಗೆ "ನೀವು ಮೊದಲು ಕೂತು ಮಾತಾಡಿ, ನೋಡುವ" ಎಂಬ ಉತ್ತರ ಬರುತ್ತದೆ. ಜನ ಮೂರು ಗಂಟೆ ತಲೆ ಕೆಡಿಸಿಕೊಂಡು ಒಂದು ಅಂಕಿಗೆ ಒಪ್ಪುತ್ತಾರೆ, ವಾರ ಕಳೆದು ಮೇಲಿನವರು ಬೇರೆ ಅಂಕಿ ಹೇಳುತ್ತಾರೆ. ಮುಂದಿನ ಸಲ ಕರೆದರೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಪ್ರತಿ ಫಲಿತಾಂಶದ ಪಕ್ಕದಲ್ಲಿ "ನಿರ್ಧಾರ" ಅಥವಾ "ಸಲಹೆ" ಎಂದು ಬರೆಯಿರಿ. ಒಂದೇ ಪದ, ಆದರೆ ಅದನ್ನು ಬರೆಯದೆ ಹೋದದ್ದಕ್ಕೆ ಹಾಳಾದ ಸಭೆಗಳನ್ನು ನಾನು ಬಹಳ ನೋಡಿದ್ದೇನೆ.

ನಾನಾದರೆ ಹೀಗೆ ಬರೆಯುತ್ತಿದ್ದೆ:

"ವಿಷಯ: ಹೊಸ ಚಾಲಿಯಲ್ಲಿ ಪಟೋರ ಬಂದರೆ ಹೇಗೆ ನೋಡುವುದು, ಯಾರು ಹೇಳುವುದು. ಬುಧವಾರ ಬೆಳಿಗ್ಗೆ 10ರಿಂದ 1, ಗೋದಾಮಿನ ಹಿಂದಿನ ಕೋಣೆ.

ಯಾಕೆ: ಎರಡು ತಿಂಗಳಲ್ಲಿ ಬಂದ 64 ಲೋಡುಗಳಲ್ಲಿ 23ರ ಗ್ರೇಡು ಗೋದಾಮಿನಲ್ಲಿ ಬದಲಾಗಿದೆ. 17ಕ್ಕೆ ಕಾರಣ ಪಟೋರ. ಆ ಕೃಷಿಕರಿಗೆ 3 ದಿನದ ಬದಲು 9 ದಿನಕ್ಕೆ ದುಡ್ಡು ಹೋಗಿದೆ. ಕೇಂದ್ರದಲ್ಲೂ ಗೋದಾಮಿನಲ್ಲೂ ನಾವು ಮಾಲು ನೋಡುವ ಕ್ರಮ ಬೇರೆ ಬೇರೆ. ಒಂದೇ ಕ್ರಮ ಮಾಡಲು ಇಬ್ಬರೂ ಲೆಕ್ಕಪತ್ರದವರೂ ಒಟ್ಟಿಗೆ ಕೂರಬೇಕು. ಒಂದು ವಿಭಾಗ ಒಬ್ಬರೇ ಮಾಡಿದರೆ ಇನ್ನೊಬ್ಬರಲ್ಲಿ ನಡೆಯುವುದಿಲ್ಲ.

1 ಗಂಟೆಗೆ ನಮ್ಮ ಕೈಯಲ್ಲಿ ಇರಬೇಕಾದ್ದು: ಒಂದು, ಲೋಡಿಗೆ ಎಷ್ಟು ಗೋಣಿ, ಗೋಣಿಗೆ ಎಷ್ಟು ಅಡಿಕೆ ತೆಗೆದು ನೋಡಬೇಕು ಎಂಬ ನಿಯಮ, ಎರಡೂ ಕಡೆಗೆ ಒಂದೇ (ನಿರ್ಧಾರ). ಎರಡು, 100 ಅಡಿಕೆಯಲ್ಲಿ ಎಷ್ಟು ಪಟೋರ ಇದ್ದರೆ ಗ್ರೇಡು ಇಳಿಯಬೇಕು ಎಂಬ ಅಂಕಿ (ಸಲಹೆ. ಯಜಮಾನರು ಶುಕ್ರವಾರ ತಿಳಿಸುತ್ತಾರೆ). ಮೂರು, ಆಮೇಲೂ ಗ್ರೇಡು ತಾಳೆಯಾಗದಿದ್ದರೆ ಯಾರು ಯಾರಿಗೆ ಎಷ್ಟು ಗಂಟೆಯೊಳಗೆ ಫೋನು ಮಾಡಬೇಕು, ಅಷ್ಟರವರೆಗೆ ಕೃಷಿಕರಿಗೆ ಎಷ್ಟು ದುಡ್ಡು ಬಿಡಬೇಕು (ನಿರ್ಧಾರ).

ಅಂದು ಮಾತಾಡದ ವಿಷಯ: ರೇಟು, ಬೂಷ್ಟು ಬಂದ 6 ಲೋಡು, ಯಾರಿಂದ ತಪ್ಪಾಯಿತು ಎಂಬುದು.

ಬರುವ ಮೊದಲು: ಜೊತೆಗಿರುವ 2 ಪುಟ ಓದಿ, 10 ನಿಮಿಷ ಸಾಕು. ಓದುವಾಗ ಒಂದು ಪ್ರಶ್ನೆಗೆ ಉತ್ತರ ಯೋಚಿಸಿ: ನಿಮ್ಮ ಜಾಗದಲ್ಲಿ ಒಂದು ಲೋಡಿಗೆ ಗ್ರೇಡು ನೋಡಲು ಎಷ್ಟು ನಿಮಿಷ ಸಿಗುತ್ತದೆ? ಪ್ರತಿ ಕೇಂದ್ರದವರು ನೀವು ಫಸ್ಟ್ ಎಂದು ಒಪ್ಪುವ ಹೊಸ ಚಾಲಿ 1 ಕಿಲೋ ತನ್ನಿ. ಅಂದು ಬೆಳಿಗ್ಗೆ ಎಲ್ಲರೂ ಅದೇ ಅಡಿಕೆಯನ್ನು ಬೇರೆ ಬೇರೆ ನೋಡಿ ಚೀಟಿಯಲ್ಲಿ ಗ್ರೇಡು ಬರೆಯುವುದಿದೆ. ಚೀಟಿಯಲ್ಲಿ ಹೆಸರು ಬೇಡ."

ಉದ್ದವಾಯಿತು ಅನ್ನಬಹುದು. ಉಪ್ಪಳದ ಅಣ್ಣನಿಗೆ ವಿಷಯದ ಸಾಲು ಮತ್ತು ಮೊದಲ ಎರಡು ವಾಕ್ಯ ಸಾಕು, ಉಳಿದದ್ದು ಬೇಕಾದವರಿಗೆ.

ನಿಮ್ಮ ನಾಲ್ಕು ಫೈಲಿನ ಬಗ್ಗೆ ಒಂದು ಮಾತು. ಅದೆಲ್ಲ ಸೇರಿ ಎಷ್ಟು ಪುಟ?

ಬದಿಯಡ್ಕದಿಂದ ಒಬ್ಬಳು:

62. ಅದರಲ್ಲಿ 40 ಪುಟ ತೂಕದ ರಿಜಿಸ್ಟರಿನ ಸ್ಕ್ಯಾನು.

ವಿದ್ಯಾನಗರದ ಅಕ್ಕ:

62 ಪುಟ ಕಳಿಸಿದರೆ ಯಾರೂ ಓದುವುದಿಲ್ಲ. ಓದದವರಿಗೆ "ಓದಿಲ್ಲ" ಎಂದು ಹೇಳಲು ನಾಚಿಕೆ. ಓದಿದ ಒಬ್ಬಿಬ್ಬರು ಸಿಟ್ಟಿನಲ್ಲಿ ಬರುತ್ತಾರೆ. ಮೊದಲ ಒಂದು ಗಂಟೆ ನೀವೇ ಓದಿ ಹೇಳಬೇಕಾಗುತ್ತದೆ.

ಎರಡು ಪುಟ ಮಾಡಿ. ಒಂದರಲ್ಲಿ ಆ 17 ಲೋಡಿನ ಪಟ್ಟಿ. ಎರಡನೆಯದರಲ್ಲಿ ಕೇಂದ್ರದಲ್ಲಿ ನೋಡುವ ಕ್ರಮ ಎಡಗಡೆ, ಗೋದಾಮಿನ ಕ್ರಮ ಬಲಗಡೆ, ಅಕ್ಕಪಕ್ಕ. ಈ ಎರಡನೆಯ ಪುಟವನ್ನು ನೀವು ಬರೆಯಬೇಡಿ. ಆಯಾ ವಿಭಾಗದವರ ಬಾಯಿಂದ ಕೇಳಿ ಬರೆದು, ಅವರಿಗೇ ತೋರಿಸಿ, "ಹೌದು, ನಾವು ಮಾಡುವುದು ಹೀಗೆ" ಅನ್ನಿಸಿಕೊಂಡ ಮೇಲೆ ಕಳಿಸಿ. ಇಲ್ಲದಿದ್ದರೆ ಅಂದು ಮೊದಲ ಮಾತೇ "ನಾವು ಹಾಗೆ ಮಾಡುವುದೇ ಇಲ್ಲ" ಎಂದಾಗುತ್ತದೆ.

ಇಷ್ಟಾದರೂ ಇಬ್ಬರು ಓದದೆ ಬರುತ್ತಾರೆ. ಅದಕ್ಕೆ ಶುರುವಿನಲ್ಲಿ 10 ನಿಮಿಷ ಎಲ್ಲರೂ ಸುಮ್ನೆ ಕೂತು ಓದಲಿ. ಅಮೆಜಾನ್ ಕಂಪನಿಯಲ್ಲಿ ಸಭೆ ಶುರುವಾಗುವಾಗ ಎಲ್ಲರೂ ಮಾತಿಲ್ಲದೆ ಕಾಗದ ಓದುವ ಪದ್ಧತಿ ಇದೆ. ಅಷ್ಟು ದೊಡ್ಡವರೇ "ಮನೆಯಲ್ಲಿ ಓದಿ ಬರುತ್ತಾರೆ" ಎಂದು ನಂಬುವುದಿಲ್ಲ. ಆದರೆ ಇದನ್ನು ಆಹ್ವಾನದಲ್ಲಿ ಬರೆಯಬೇಡಿ. ಬರೆದರೆ ಓದುವ ನಾಲ್ಕು ಜನರೂ ಓದುವುದಿಲ್ಲ.

ಕುಂಬಳೆಯ ಅಕೌಂಟ್ಸ್ ಅಣ್ಣ:

ಅಕ್ಕ, 17 ಲೋಡಿನ ಪಟ್ಟಿಯಲ್ಲಿ ಕೇಂದ್ರದ ಹೆಸರು ಇರಬೇಕಾ? ಇದ್ದರೆ ಒಳ್ಳೆಯದು ಅನ್ನಿಸುತ್ತದೆ. ಯಾರಲ್ಲಿ ಜಾಸ್ತಿ ಎಂದು ಗೊತ್ತಾದರೆ ಅವರೇ ತಿದ್ದಿಕೊಳ್ಳುತ್ತಾರೆ.

ವಿದ್ಯಾನಗರದ ಅಕ್ಕ:

ಬೇಡ. ಇದು ನಾನೇ ಪೆಟ್ಟು ತಿಂದು ಕಲಿತ ವಿಷಯ. ಸುಮಾರು ಹನ್ನೆರಡು ವರ್ಷದ ಹಿಂದೆ ಒಂದು ಕಾರ್ಖಾನೆಯಲ್ಲಿ ಇಂಥದೇ ಸಭೆ. ತಿರಸ್ಕಾರವಾದ ಮಾಲಿನ ಪಟ್ಟಿಯನ್ನು ಘಟಕದ ಹೆಸರಿನ ಜೊತೆ ಮೊದಲೇ ಕಳಿಸಿದೆ. ನನಗೆ ಅದು ಬರೀ ಲೆಕ್ಕ. ಅಂದು ಬೆಳಿಗ್ಗೆ ಎರಡು ಘಟಕದ ಮ್ಯಾನೇಜರುಗಳು ತಮ್ಮ ತಮ್ಮ ರಿಜಿಸ್ಟರು ಕಂಕುಳಲ್ಲಿ ಇಟ್ಟುಕೊಂಡು ಬಂದರು. "ನಿಮ್ಮ 14 ತಪ್ಪು, ನಮ್ಮದು 11" ಎಂಬಲ್ಲಿಂದ ಶುರುವಾಯಿತು. ಊಟದ ಗಂಟೆ ಬಾರಿಸುವವರೆಗೂ 14ಕ್ಕೂ 11ಕ್ಕೂ ಜಗಳ. ಕರೆದ ಕಾರಣಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ತಪ್ಪು ನನ್ನದೇ. ಓದಲು ಕಳಿಸುವ ಕಾಗದದಲ್ಲಿ ಯಾರ ಹೆಸರು ಇದೆಯೋ ಅವರು ಅದನ್ನು ಆರೋಪಪಟ್ಟಿ ಎಂದೇ ಓದುತ್ತಾರೆ. ಕೇಂದ್ರಗಳಿಗೆ ಕ, ಖ, ಗ, ಘ ಎಂದು ಹಾಕಿ.

ಕುಂಬಳೆಯ ಅಕೌಂಟ್ಸ್ ಅಣ್ಣ:

ಇರುವುದೇ ನಾಲ್ಕು ಕೇಂದ್ರ ಅಕ್ಕ. ತಾರೀಖು, ಲಾರಿ, ಗೋಣಿ ಎಷ್ಟು ಎಂದು ನೋಡಿದರೆ ಐದು ನಿಮಿಷದಲ್ಲಿ "ಖ ಅಂದರೆ ಪೆರ್ಲ" ಎಂದು ಗೊತ್ತಾಗುತ್ತದೆ. ಆಮೇಲೆ "ಹೆಸರು ಮುಚ್ಚಿಟ್ಟು ಆಟ ಆಡುತ್ತಿದ್ದಾರೆ" ಎಂಬ ಮಾತು ಬೇರೆ.

ವಿದ್ಯಾನಗರದ ಅಕ್ಕ:

ಹೌದಲ್ಲ! ನಾನು ದೊಡ್ಡ ಕಾರ್ಖಾನೆಯ ಲೆಕ್ಕದಲ್ಲಿ ಹೇಳಿದೆ. ಹಾಗಾದರೆ ಲೋಡುಗಳ ಪಟ್ಟಿಯೇ ಬೇಡ. ಪಟೋರ ಸ್ವಲ್ಪವೇ ಇದ್ದೂ ಗ್ರೇಡು ಇಳಿದದ್ದು ಎಷ್ಟು, ಜಾಸ್ತಿ ಇದ್ದು ಇಳಿದದ್ದು ಎಷ್ಟು, ಒಂದೆರಡು ಗೋಣಿಯಲ್ಲಿ ಮಾತ್ರ ಇದ್ದದ್ದು ಎಷ್ಟು, ಹೀಗೆ ಗುಂಪು ಮಾಡಿ. ತಾರೀಖು ಬೇಡ, ಲಾರಿ ಬೇಡ. ಮೂರನೆಯ ಗುಂಪು ದೊಡ್ಡದಿದ್ದರೆ ನಿಮ್ಮ ಮೊದಲ ಫಲಿತಾಂಶಕ್ಕೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿದ ಹಾಗೆ. ಎರಡು ಗೋಣಿ ಮಾತ್ರ ಬಿಚ್ಚುವವರಿಗೆ ಉಳಿದ ಗೋಣಿಯೊಳಗಿನದ್ದು ಕಾಣುವುದು ಹೇಗೆ?

ಉಪ್ಪಳದ ಸೇಲ್ಸ್‌ನವ:

ಆ ಚೀಟಿಯಲ್ಲಿ ಗ್ರೇಡು ಬರೆಯುವ ಆಟ ನನಗೆ ಇಷ್ಟವಾಯಿತು. ಆದರೆ ಅದನ್ನು ಮೊದಲೇ ಹೇಳಿದರೆ ಮಜಾ ಏನು? ಹೇಳದೆ ಅಂದೇ ಇಡಿ. ಯಾರಿಗೆ ಎಷ್ಟು ಗೊತ್ತು ಎಂದು ಬಯಲಾಗುತ್ತದೆ.

ವಿದ್ಯಾನಗರದ ಅಕ್ಕ:

ಬಯಲು ಮಾಡುವುದಕ್ಕಾಗಿ ಕರೆಯುವುದಲ್ಲ ಅಣ್ಣ. ಮೂವತ್ತು ವರ್ಷ ಅಡಿಕೆ ನೋಡಿದವರು ಇರುತ್ತಾರೆ. ಹೇಳದೆ ಪರೀಕ್ಷೆ ಇಟ್ಟರೆ ಎದ್ದು ಹೋಗುತ್ತಾರೆ, ಹೋಗಬೇಕಾದ್ದೇ. ಮೊದಲೇ ಬರೆದರೆ ಅವರೇ ಹುಮ್ಮಸ್ಸಿನಲ್ಲಿ ಬರುತ್ತಾರೆ. ಹೆಸರಿಲ್ಲದ ಚೀಟಿ ಯಾಕೆಂದರೆ, ಒಂದೇ ತಟ್ಟೆ ಅಡಿಕೆಗೆ ಎಂಟು ಜನ ಮೂರು ಬೇರೆ ಬೇರೆ ಗ್ರೇಡು ಬರೆದರು ಎಂದು ಕಂಡರೆ ಸಾಕು. ಬರೆದವರು ಯಾರು ಎಂಬುದು ಬೇಡ. ತಟ್ಟೆಗಳಲ್ಲಿ ಒಂದನ್ನು ಎರಡು ಸಲ ಇಡಿ, ನಂಬರು ಬದಲಿಸಿ. ಚೀಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಗ್ರೇಡು ಬಂದರೆ, ಒಬ್ಬನ ಕಣ್ಣೇ ಎರಡು ಸಲ ಎರಡು ರೀತಿ ನೋಡುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ಖರೀದಿ, ಗೋದಾಮು ಎಂಬ ಜಗಳದ ಬಿಸಿ ತಾನಾಗಿ ಇಳಿಯುತ್ತದೆ. ಈ ಎರಡು ಸಲ ಇಡುವ ವಿಷಯ ಮಾತ್ರ ಆಹ್ವಾನದಲ್ಲಿ ಬೇಡ.

ಬದಿಯಡ್ಕದಿಂದ ಒಬ್ಬಳು:

ಯಾರನ್ನು ಕರೆಯಲಿ? ನನ್ನ ಪಟ್ಟಿಯಲ್ಲಿ 14 ಜನ ಇದ್ದಾರೆ. ಲಾರಿ ನೋಡಿಕೊಳ್ಳುವವರು, ಕಂಪ್ಯೂಟರಿನ ಹುಡುಗ, ಎಲ್ಲ ಸೇರಿ.

ವಿದ್ಯಾನಗರದ ಅಕ್ಕ:

ಮೂರು ಫಲಿತಾಂಶದ ಎದುರು ಒಬ್ಬೊಬ್ಬರ ಹೆಸರು ಬರೆದು ನೋಡಿ. ಯಾವುದರ ಎದುರೂ ಬಾರದವರನ್ನು ಕರೆಯಬೇಡಿ, ಸಭೆ ಮುಗಿದ ಮೇಲೆ ಒಂದು ಪುಟ ಕಳಿಸಿ. ಕಂಪ್ಯೂಟರಿನ ಹುಡುಗನಿಗೆ ನಿಯಮ ಆದ ಮೇಲೆ ಕೆಲಸ, ಮೊದಲು ಅಲ್ಲ. ನಾಲ್ಕು ಕೇಂದ್ರದಿಂದ ದಿನಾ ಮಾಲು ನೋಡುವ ಒಬ್ಬೊಬ್ಬರು, ಗೋದಾಮಿನಿಂದ ಸುರಿದು ನೋಡುವವರು ಒಬ್ಬರು ಮತ್ತು ಅವರ ಮೇಲಿನವರು, ಲೆಕ್ಕಪತ್ರದಿಂದ ಒಬ್ಬರು, ನೀವು. ಎಂಟು ಜನ. ಎಂಟು ಜನ ಮೂರು ಗಂಟೆಯಲ್ಲಿ ಮೂರು ವಿಷಯ ಮುಗಿಸಬಹುದು, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯಿರಿ. ಉಳಿದ ಮುಕ್ಕಾಲು ಗಂಟೆ ಓದಿಗೆ, ಚೀಟಿಗೆ, ಚಹಾಕ್ಕೆ ಹೋಗುತ್ತದೆ. ನಾಲ್ಕನೆಯ ವಿಷಯ ಸೇರಿಸಿದರೆ ಯಾವುದೂ ಮುಗಿಯುವುದಿಲ್ಲ.

"ಎಲ್ಲರೂ ತಪ್ಪದೆ ಹಾಜರಿರಬೇಕು" ಎಂಬ ಸಾಲು ತೆಗೆಯಿರಿ. ಅದರ ಬದಲು ಒಬ್ಬೊಬ್ಬರ ಹೆಸರಿನ ಎದುರು ಯಾಕೆ ಬೇಕು ಎಂದು ಅರ್ಧ ಸಾಲು. "ಗೋಣಿ ಸುರಿಯುವಾಗ ಏನು ಕಾಣುತ್ತದೆ ಎಂದು ಹೇಳಲು" ಎಂದು ಬರೆದರೆ ಅವರು ಬರುತ್ತಾರೆ. ಬರಲಾಗದಿದ್ದರೆ ತಮ್ಮ ಬದಲು ಒಪ್ಪಿಗೆ ಕೊಡುವ ಅಧಿಕಾರ ಇರುವವರನ್ನು ಕಳಿಸಲಿ, ಯಾರು ಎಂದು ಸೋಮವಾರದೊಳಗೆ ಹೇಳಲಿ.

ಪೆರ್ಲದ ಲಾರಿ ಭಾವ:

ಲಾರಿಯವರನ್ನು ಬಿಟ್ಟುಬಿಡುವುದು ಸುಲಭ ಅಲ್ವಾ! ಕೇಂದ್ರದಲ್ಲಿ ಒಣಗಿದ ಅಡಿಕೆ ಮಳೆಗೆ ತಾಡಪಾಲಿನ ತೂತಿನಿಂದ ನೆನೆದರೆ ಬೈಗುಳ ನಮಗೆ. ನನ್ನ ಗಾಡಿಯಲ್ಲಿ ಹೋದ ಸಲ ಎರಡು ಗೋಣಿ ಹಾಗೇ ಆಯಿತು, ಬಾಡಿಗೆ ಹಿಡಿದಿಟ್ಟರು. ಬೂಷ್ಟಿನ 6 ಲೋಡು ಬೇಡ ಎಂದು ಬರೆದಿದ್ದೀರಿ. ಅದರಲ್ಲೇ ನಮ್ಮ ಮಾತು ಇರುವುದು.

ವಿದ್ಯಾನಗರದ ಅಕ್ಕ:

ಭಾವ, ನಿಮ್ಮ ಬಾಡಿಗೆಯ ವಿಷಯ ನನಗೆ ಅರ್ಥವಾಯಿತು. ಅದಕ್ಕೆ ಬೇರೆ ದಿನ ಕೂರಬೇಕು ಎಂದೇ ನಾನು ಹೇಳುವುದು. ಬೂಷ್ಟಿಗೆ ಕಾರಣ ಅಂಗಳದಲ್ಲಿ ಒಣಗಿದ್ದು ಸಾಲದ್ದೋ, ಲಾರಿಯಲ್ಲಿ ನೆನೆದದ್ದೋ, ಗೋದಾಮಿನ ನೆಲದ ತೇವವೋ, ಅದನ್ನು ಮೊದಲು ಹುಡುಕಬೇಕು. ಪಟೋರದ ಜೊತೆ ಕಟ್ಟಿದರೆ ಎರಡೂ ಕೆಡುತ್ತದೆ.

ಕುಂಬಳೆಯ ಅಕೌಂಟ್ಸ್ ಅಣ್ಣ:

ನಾನು ಒಪ್ಪುವುದಿಲ್ಲ. ಕೃಷಿಕನಿಗೆ ದುಡ್ಡು ತಡವಾಗುವುದು ಎರಡಕ್ಕೂ ಒಂದೇ. ನಮ್ಮ ಕೌಂಟರಿನ ಎದುರು ನಿಂತು ಕೇಳುವಾಗ ಅವರು ಪಟೋರ, ಬೂಷ್ಟು ಎಂದು ಬೇರೆ ಮಾಡಿ ಕೇಳುವುದಿಲ್ಲ. ಕೊನೆಯ ಅರ್ಧ ಗಂಟೆಗಾದರೂ ಲಾರಿಯವರನ್ನು ಕರೆಯಬೇಕು.

ವಿದ್ಯಾನಗರದ ಅಕ್ಕ:

ಆ ಅರ್ಧ ಗಂಟೆಯನ್ನು ಯಾವ ವಿಷಯದಿಂದ ಕಡಿಯುವುದು ಎಂದು ಹೇಳಿದರೆ ನಾನೂ ಒಪ್ಪುತ್ತೇನೆ. ಇದನ್ನು ಬದಿಯಡ್ಕದವರೇ ನೋಡಿಕೊಳ್ಳಲಿ.

ಬದಿಯಡ್ಕದಿಂದ ಒಬ್ಬಳು:

ಇನ್ನೊಂದು ತೊಡಕಿದೆ. ಗೋದಾಮಿನಲ್ಲಿ ಇಬ್ಬರಿಗೆ ಕನ್ನಡ ಓದಲು ಬರುವುದಿಲ್ಲ, ಮಲಯಾಳ ಮಾತ್ರ. ಮಾತು ಎಲ್ಲ ಅರ್ಥವಾಗುತ್ತದೆ. ಪೆರ್ಲದವರಿಗೆ ಮಲಯಾಳ ಓದಲು ಕಷ್ಟ. ಇಂಗ್ಲಿಷಿನಲ್ಲಿ ಕಳಿಸಿದರೆ ಇಬ್ಬರಿಗೂ ಸಮ ಅನ್ನಿಸುತ್ತದೆ.

ನಿವೃತ್ತ ಸೊಸೈಟಿ ಸೆಕ್ರೆಟರಿ, ಮುಳ್ಳೇರಿಯ:

ಇಂಗ್ಲಿಷಿನಲ್ಲಿ ಕಳಿಸಿದರೆ ಇಬ್ಬರಿಗೂ ಸಮವಾಗಿ ಅರ್ಥವಾಗುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಒಂದೇ ಹಾಳೆಯ ಎರಡು ಬದಿಯಲ್ಲಿ ಎರಡು ಭಾಷೆ ಹಾಕುತ್ತಿದ್ದೆವು. ಒಂದು ಸಲ "ಮುಂದೂಡಲಾಗಿದೆ" ಎಂಬುದು ಮಲಯಾಳದ ಬದಿಯಲ್ಲಿ "ರದ್ದು" ಎಂದಾಗಿತ್ತು. ಅರ್ಧ ಜನ ಬರಲೇ ಇಲ್ಲ. ಹಾಗಾಗಿ ಬರೆದವರು ಬೇರೆ, ತಿದ್ದುವವರು ಬೇರೆ ಇರಬೇಕು.

ವಿದ್ಯಾನಗರದ ಅಕ್ಕ:

ಮಾಷ್ಟ್ರು ಹೇಳಿದ್ದು ಚಿನ್ನದಂಥ ಮಾತು. ಕಾಸರಗೋಡಿನಲ್ಲಿ ಕೆಲಸ ಮಾಡಿದವರಿಗೇ ಇದು ಗೊತ್ತಾಗುವುದು. ಎಲ್ಲವನ್ನೂ ಎರಡು ಭಾಷೆಯಲ್ಲಿ ಮಾಡಬೇಕೆಂದಿಲ್ಲ. ಮೂರು ಫಲಿತಾಂಶದ ಸಾಲು ಮತ್ತು ಎರಡನೆಯ ಪುಟ ಮಾತ್ರ ಎರಡರಲ್ಲೂ ಇರಲಿ. ಗ್ರೇಡಿನ ಹೆಸರುಗಳನ್ನು ಅನುವಾದ ಮಾಡಬೇಡಿ. ಪಟೋರವನ್ನು ಪಟೋರ ಎಂದೇ ಮಲಯಾಳ ಲಿಪಿಯಲ್ಲಿ ಬರೆಯಿರಿ. ಆಮೇಲೆ ಗೋದಾಮಿನವರಿಗೆ ಫೋನು ಮಾಡಿ, ಆ ಮೂರು ಸಾಲನ್ನು ಅವರ ಬಾಯಲ್ಲೇ ಹೇಳಿಸಿ. ಅವರು ಬೇರೇನೋ ಹೇಳಿದರೆ ನಿಮ್ಮ ಸಾಲು ಸರಿಯಿಲ್ಲ ಎಂದು ತಿಳಿಯಿರಿ.

ಎಷ್ಟು ದಿನ ಮೊದಲು ಕಳಿಸುತ್ತೀರಿ?

ಬದಿಯಡ್ಕದಿಂದ ಒಬ್ಬಳು:

ಸೋಮವಾರ ಕಳಿಸಿ ಬುಧವಾರ ಸಭೆ ಎಂದುಕೊಂಡಿದ್ದೆ.

ವಿದ್ಯಾನಗರದ ಅಕ್ಕ:

ಅಯ್ಯೋ. 2019ರ ಜನವರಿಯಲ್ಲಿ ಕೇರಳ ಹೈಕೋರ್ಟು ಹರತಾಳಕ್ಕೇ 7 ದಿನ ಮೊದಲು ನೋಟಿಸು ಕೊಡಿ ಎಂದಿದೆ. ನೀವು ವರ್ಕ್‌ಶಾಪಿಗೆ ಎರಡು ದಿನ ಕೊಡುತ್ತೀರಿ! ಒಂದು ವಾರ ಮುಂದೆ ಹಾಕಿ. ಆಹ್ವಾನ ಇವತ್ತು ನಾಳೆ ಹೋಗಲಿ. ಎರಡು ಪುಟ ನಾಲ್ಕು ಕೆಲಸದ ದಿನ ಮೊದಲು ಸಿಕ್ಕರೆ ಸಾಕು, ಜಾಸ್ತಿ ಮೊದಲು ಕಳಿಸಿದರೆ ಮರೆಯುತ್ತಾರೆ. ಹೊಸ ಮೇಲ್ ಕಳಿಸದೆ ಅದೇ ಕ್ಯಾಲೆಂಡರ್ ಆಹ್ವಾನಕ್ಕೆ ಸೇರಿಸಿ, ಹುಡುಕುವ ಕೆಲಸ ಉಳಿಯುತ್ತದೆ. ಡ್ರೈವ್ ಲಿಂಕ್ ಹಾಕುವುದಾದರೆ ಎಲ್ಲರಿಗೂ ನೋಡುವ ಅನುಮತಿ ಇದೆಯಾ ಎಂದು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಹಿಂದಿನ ರಾತ್ರಿ ಹತ್ತು ಗಂಟೆಗೆ "ಅನುಮತಿ ಕೊಡಿ" ಎಂಬ ಏಳು ಮೇಲ್ ಬಂದು, ನಿದ್ದೆಯಲ್ಲಿದ್ದ ನಾನು ನೋಡದೆ, ಬೆಳಿಗ್ಗೆ ಯಾರೂ ಓದದೆ ಬಂದದ್ದು ನನ್ನ ಅನುಭವ. ಎರಡೇ ಪುಟ ಅಲ್ವಾ, ಫೋಟೋ ತೆಗೆದು ವಾಟ್ಸಾಪಿಗೂ ಹಾಕಿಬಿಡಿ. ಅಲ್ಲಿಗೆ ಉಪ್ಪಳದ ಅಣ್ಣನ ಮಾತೂ ನಡೆದ ಹಾಗೆ.

ಉಪ್ಪಳದ ಸೇಲ್ಸ್‌ನವ:

ಅಂತೂ ವಾಟ್ಸಾಪಿಗೆ ಬಂದಿರಿ. ಊಟದ ವಿಷಯ ಇನ್ನೂ ಯಾರೂ ಹೇಳಿಲ್ಲ.

ಪೆರ್ಲದ ಲಾರಿ ಭಾವ:

ಯಜಮಾನರು ಕೋಣೆಯಲ್ಲಿ ಇರುತ್ತಾರಾ? ಅವರಿದ್ದರೆ ಗೋದಾಮಿನವರು ಬಾಯಿ ತೆರೆಯುವುದಿಲ್ಲ, ಬರೆದಿಟ್ಟುಕೊಳ್ಳಿ.

ಕುಂಬಳೆಯ ಅಕೌಂಟ್ಸ್ ಅಣ್ಣ:

ಇರಲೇಬೇಕು. ಇಲ್ಲದಿದ್ದರೆ ದುಡ್ಡು ಎಷ್ಟು ಬಿಡಬೇಕು ಎಂದು ನಾವು ಹೇಗೆ ಒಪ್ಪುವುದು?

ವಿದ್ಯಾನಗರದ ಅಕ್ಕ:

ನಾನು ಎರಡೂ ಮಾಡಿ ನೋಡಿದ್ದೇನೆ. ಎರಡೂ ಕೆಲವು ಸಲ ನಡೆದಿದೆ, ಕೆಲವು ಸಲ ಕೆಟ್ಟಿದೆ. ನಿಮ್ಮ ಕಡೆ ಯಜಮಾನರು ಮೊದಲೇ ಯಾವುದು ನಿರ್ಧಾರ, ಯಾವುದು ಸಲಹೆ ಎಂದು ಹೇಳಿರುವುದರಿಂದ ಅವರಿಲ್ಲದೆ ನಡೆಸಬಹುದು ಎಂದು ನನ್ನ ಅಂದಾಜು. 12:30ಕ್ಕೆ ಬಂದು ಮೂರು ಕಾಗದ ಓದಿ ಕೇಳಲಿ. ಆದರೆ ಅದನ್ನೂ ಆಹ್ವಾನದಲ್ಲಿ ಬರೆಯಿರಿ. ಇದ್ದಕ್ಕಿದ್ದ ಹಾಗೆ ಬಾಗಿಲು ತೆರೆದುಕೊಂಡು ಬಂದರೆ ಭಾವ ಹೇಳಿದ ಹಾಗೆಯೇ ಆಗುತ್ತದೆ.

ಬದಿಯಡ್ಕದಿಂದ ಒಬ್ಬಳು (ಎರಡು ದಿನದ ನಂತರ):

ನಿನ್ನೆ ಸಂಜೆ ಕಳಿಸಿದೆ ಅಕ್ಕ. ಎಂಟು ಜನರಿಗೆ. ಲಾರಿಯವರನ್ನು ಈ ಸಲ ಕರೆದಿಲ್ಲ. ಬೂಷ್ಟಿನ ಬಗ್ಗೆ ಅವರ ಜೊತೆ ಬೇರೆ ಕೂರುತ್ತೇವೆ ಎಂದು ಒಂದು ಸಾಲು ಸೇರಿಸಿದೆ, ಅದರ ತಾರೀಖು ಇನ್ನೂ ಆಗಿಲ್ಲ. ಮಾಷ್ಟ್ರ ಮಾತಿನ ಹಾಗೆ ಮಲಯಾಳದ ಬದಿಯನ್ನು ಬೇರೆಯವರಿಗೆ ತೋರಿಸಿದೆ. ಒಂದು ತಪ್ಪು ಸಿಕ್ಕಿತು, "ಲೋಡಿಗೆ" ಎಂಬಲ್ಲಿ "ಗೋಣಿಗೆ" ಎಂದಾಗಿತ್ತು.

ರಾತ್ರಿ ಏಳಕ್ಕೆ ಗೋದಾಮಿನ ಹಿರಿಯರಿಂದ ಉತ್ತರ ಬಂತು. "ಬರುತ್ತೇನೆ" ಎಂದಿಲ್ಲ, "ಬರುವುದಿಲ್ಲ" ಎಂದೂ ಇಲ್ಲ. ಒಂದೇ ಪ್ರಶ್ನೆ: "100 ಅಡಿಕೆ ಗೋಣಿಯ ಬಾಯಿಯಿಂದ ತೆಗೆಯುವುದೋ, ಅಡಿಯಿಂದಲೋ? ಪಟೋರ ಅಡಿಗೆ ಹೋಗಿರುತ್ತದೆ." ಏನು ಉತ್ತರ ಕೊಡಲಿ?

ವಿದ್ಯಾನಗರದ ಅಕ್ಕ:

ಉತ್ತರ ಕೊಡಬೇಡಿ. ಅವರನ್ನು ಕೇಳಿ, ಅವರ ಹೆಸರಿನ ಜೊತೆಗೇ ಆ ಪ್ರಶ್ನೆಯನ್ನು ಎರಡನೆಯ ಪುಟದ ಕೆಳಗೆ ಹಾಕಬಹುದಾ ಎಂದು. ಒಪ್ಪಿದರೆ ಇವತ್ತೇ ಎಲ್ಲರಿಗೂ ಕಳಿಸಿ. ಮತ್ತೆ ಅಂದು ಬೆಳಿಗ್ಗೆ ಕೋಣೆಗೆ ಒಂದು ತುಂಬಿದ ಗೋಣಿ ತರಿಸಿಡಿ, ಬಾಯಿ ಹೊಲಿದದ್ದು.